ಟೀ ಶರ್ಟಿನ ಮಡಿಕೆಯ ಮೇಲೆ ಹೊಸ ಅಕ್ಷರ: ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್ ಕೆಲಸ ಮಾಡುವ ಬಗೆ

ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗಳಲ್ಲಿ ಹಳದಿ ಟೀ ಶರ್ಟುಗಳ ರಾಶಿ ಏಳುತ್ತದೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಕಚೇರಿಗಳ ಕನ್ನಡ ಬಳಗಗಳು, ಅಪಾರ್ಟ್‌ಮೆಂಟಿನ ಸಂಘಗಳು, ಬಡಾವಣೆಯ ಗೆಳೆಯರ ಗುಂಪುಗಳು ಹಳದಿ ಬಟ್ಟೆಯ ಮೇಲೆ ಕೆಂಪು ಅಕ್ಷರ ಹಾಕಿಸಿಕೊಳ್ಳುತ್ತವೆ. ಪ್ರಿಂಟ್ ಆಗುವ ಮೊದಲೇ ಅದು ಮೈಮೇಲೆ ಹೇಗೆ ಕಾಣುತ್ತದೆಂದು ತೋರಿಸಿ ಎಂದು ಎಲ್ಲರೂ ಕೇಳುತ್ತಾರೆ. ಆಗ ಬಹಳಷ್ಟು ಅಂಗಡಿಗಳಲ್ಲಿ ಹಿಂದಿನ ವರ್ಷದ ಶರ್ಟು ತೊಟ್ಟವರ ಒಂದು ಫೋಟೋ ತೆಗೆದುಕೊಂಡು, ಅದರ ಮೇಲೆ ಹೊಸ ವಿನ್ಯಾಸವನ್ನು ಅಂಟಿಸಿ ಕಳುಹಿಸುತ್ತಾರೆ. ಚಿಕ್ಕಪೇಟೆಯ ಹತ್ತಿರ ಅಂಗಡಿ ಇಟ್ಟುಕೊಂಡಿರುವ, ನಾನು ವಿನ್ಯಾಸ ಮಾಡಿಕೊಡುವ ಮುದ್ರಕರೊಬ್ಬರು ಅಂಥದ್ದೊಂದು ಚಿತ್ರವನ್ನು ನನ್ನ ಮುಂದಿಟ್ಟು ಹೇಳಿದ ಮಾತು ಇದು: "ಅಕ್ಷರ ಬಟ್ಟೆ ಮೇಲೆ ಕೂತಿಲ್ಲ ಸರ್, ಮುಂದೆ ಗಾಜು ಇಟ್ಟು ಅದರ ಮೇಲೆ ಅಂಟಿಸಿದ ಹಾಗಿದೆ."

ಅವರ ಕಣ್ಣಿಗೆ ಬಿದ್ದ ದೋಷ ನಿಜವಾದದ್ದು. ಬಟ್ಟೆ ಉಬ್ಬಿದಲ್ಲಿ ಪ್ರಿಂಟು ಕ್ಯಾಮೆರಾಗೆ ಎದುರಾಗಿ ಅಗಲವಾಗಿ ಕಾಣುತ್ತದೆ. ಬಟ್ಟೆ ಓರೆಯಾಗಿ ತಗ್ಗಿಗೆ ಇಳಿಯುವಲ್ಲಿ ಅದೇ ಪ್ರಿಂಟು ಇಕ್ಕಟ್ಟಾಗಿ ಕಾಣುತ್ತದೆ. ಅಂಟಿಸಿದ ಅಕ್ಷರಕ್ಕೆ ಈ ಹಿಗ್ಗು ಕುಗ್ಗು ಇರುವುದಿಲ್ಲ. ಅದನ್ನು ಕೊಡುವ ಸಾಧನವೇ ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್. ಇದನ್ನು ಬಳಸುವುದು ಐದು ನಿಮಿಷದ ಕೆಲಸವೆಂದು ಹೇಳುವವರು ಬಹಳ. ಖಾಲಿ ಬಿಳಿ ಶರ್ಟಿನ ಮೇಲೆ ಅದು ನಿಜವೂ ಹೌದು. ಆದರೆ ಶರ್ಟಿನ ಮೇಲೆ ಈಗಾಗಲೇ ಒಂದು ಪ್ರಿಂಟ್ ಇದ್ದು, ಅದನ್ನು ಬದಲಿಸಬೇಕಾದಾಗ ಈ ವಿಧಾನ ಏನು ಮಾಡುತ್ತದೆಂಬುದನ್ನು ಒಳಗಿನಿಂದ ತಿಳಿದಿರಬೇಕಾಗುತ್ತದೆ. ಹಾಗಾಗಿ ಆ ಒಂದು ಪ್ರಸಂಗವನ್ನೇ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳುತ್ತೇನೆ.

ಮೊದಲು ಮ್ಯಾಪ್ ಎಂದರೇನು ಎಂಬುದು. ಅದು ಕೇವಲ ಒಂದು ಬೂದು ಬಣ್ಣದ ಚಿತ್ರ. ಅದರ ಪ್ರತಿ ಪಿಕ್ಸೆಲ್ಲಿಗೂ 0ಯಿಂದ 255ರವರೆಗಿನ ಒಂದು ಬೆಲೆ ಇರುತ್ತದೆ. 0 ಎಂದರೆ ಕಪ್ಪು, 255 ಎಂದರೆ ಬಿಳುಪು. ಫೋಟೋಶಾಪಿನ Displace ಫಿಲ್ಟರ್ ವಿನ್ಯಾಸದ ಪ್ರತಿ ಬಿಂದುವಿನಲ್ಲೂ ನಿಂತು, ಅದೇ ಜಾಗದಲ್ಲಿ ಮ್ಯಾಪಿನ ಬೆಲೆ ಎಷ್ಟೆಂದು ನೋಡುತ್ತದೆ. ನಟ್ಟನಡುವಿನ ಬೂದು, ಅಂದರೆ 128 ಇದ್ದರೆ ಏನನ್ನೂ ಸರಿಸುವುದಿಲ್ಲ. ಅದಕ್ಕಿಂತ ಬೆಳ್ಳಗಿದ್ದಲ್ಲಿ ವಿನ್ಯಾಸ ಎಡಕ್ಕೆ ಮತ್ತು ಮೇಲಕ್ಕೆ ಸರಿಯುತ್ತದೆ. ಕಪ್ಪಗಿದ್ದಲ್ಲಿ ಬಲಕ್ಕೆ ಮತ್ತು ಕೆಳಕ್ಕೆ ಸರಿಯುತ್ತದೆ. ಎಷ್ಟು ಸರಿಯಬೇಕೆಂಬುದನ್ನು ಅಡ್ಡಕ್ಕೆ Horizontal Scale, ಉದ್ದಕ್ಕೆ Vertical Scale ಎಂಬ ಎರಡು ಅಂಕಿಗಳು ತೀರ್ಮಾನಿಸುತ್ತವೆ. ಲೆಕ್ಕ ಇಷ್ಟೇ:

```
dx = (v - 128) * H / 100
dy = (v - 128) * V / 100
```

ಇಲ್ಲಿ v ಎಂಬುದು ಮ್ಯಾಪಿನ ಬೆಲೆ. H ಮತ್ತು V ನಾವು ಕೊಡುವ ಅಂಕಿಗಳು. dx ಮತ್ತು dy ಪಿಕ್ಸೆಲ್ಲುಗಳ ಲೆಕ್ಕದಲ್ಲಿ ಸರಿಯುವ ದೂರ. ಮ್ಯಾಪಿನ ಬೆಲೆ 163 ಇದ್ದು H ಅನ್ನು 12 ಎಂದು ಕೊಟ್ಟರೆ ಆ ಬಿಂದು 4.2 ಪಿಕ್ಸೆಲ್ ಎಡಕ್ಕೆ ಸರಿಯುತ್ತದೆ. H ಅಥವಾ V ಗೆ ಋಣ ಸಂಖ್ಯೆ ಕೊಟ್ಟರೆ ದಿಕ್ಕು ತಿರುವುಮುರುವಾಗುತ್ತದೆ. ಫಿಲ್ಟರಿನ ಜ್ಞಾನವೆಲ್ಲ ಇಷ್ಟಕ್ಕೆ ಮುಗಿಯಿತು. ಬಟ್ಟೆ ಎಲ್ಲಿ ಉಬ್ಬಿದೆ, ಮಡಿಕೆ ಎಷ್ಟು ಆಳವಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಫೋಟೋದಿಂದ ಮಾಡಿದ ಮ್ಯಾಪಿನಲ್ಲಿ ಇರುವುದು ಬೆಳಕಿನ ಏರಿಳಿತವೊಂದೇ. ಬೆಳಕು ಬಟ್ಟೆಯ ಏರಿಳಿತವನ್ನು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೋ ಅಷ್ಟರ ಮಟ್ಟಿಗೆ ಫಿಲ್ಟರಿನ ಕೆಲಸ ಸರಿಯಾಗುತ್ತದೆ.

ಮುಂದಿನ ಎಲ್ಲ ತೊಂದರೆಗಳೂ ಎಲ್ಲ ಪರಿಹಾರಗಳೂ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ. ಮೊದಲನೆಯ ತೊಂದರೆ ಹಳೆಯ ಪ್ರಿಂಟಿನದು. ಹಳದಿ ಬಟ್ಟೆಯ ಮೇಲಿನ ಕೆಂಪು ಅಕ್ಷರ ಬೂದು ಚಿತ್ರದಲ್ಲಿ ಗಾಢವಾಗಿ ಕಾಣುತ್ತದೆ; ಫಿಲ್ಟರಿನ ಪಾಲಿಗೆ ಅದೊಂದು ಆಳವಾದ ಮಡಿಕೆ. ಹಾಗೆಯೇ ಮ್ಯಾಪ್ ಮಾಡಿದರೆ ಹೊಸ ಅಕ್ಷರಗಳ ಅಂಚುಗಳು ಹಳೆಯ ಅಕ್ಷರಗಳ ಆಕಾರದಲ್ಲಿಯೇ ತಿರುಚಿಕೊಳ್ಳುತ್ತವೆ. ಫೋಟೋದಿಂದ ಹಳೆಯ ಪ್ರಿಂಟನ್ನು ಅಳಿಸಿದ್ದರೂ, ಮ್ಯಾಪನ್ನು ಅಳಿಸುವ ಮೊದಲೇ ಉಳಿಸಿಟ್ಟಿದ್ದರೆ ಈ ಭೂತ ಉಳಿದುಕೊಳ್ಳುತ್ತದೆ. ಹೊಸ ಅಕ್ಷರದಲ್ಲಿ ಮಡಿಕೆಗೆ ಸಂಬಂಧವಿಲ್ಲದ ಕಡೆ ಚೂಪಾದ ಮೆಟ್ಟಿಲಿನಂಥ ಮುರಿತ ಕಂಡರೆ ಇದೇ ಕಾರಣವೆಂದು ತಿಳಿಯಬಹುದು.

ನಮ್ಮ ಫೋಟೋ ಫೋನಿನಲ್ಲಿ ತೆಗೆದದ್ದು. 3000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ. ಶರ್ಟು ತೊಟ್ಟವರು ರಾಜಾಜಿನಗರದ ಒಂದು ಮನೆಯ ಮೊದಲ ಮಹಡಿಯ ಕೋಣೆಯಲ್ಲಿ, ಕಿಟಕಿಯ ಪಕ್ಕ ನಿಂತಿದ್ದರು. ಕಿಟಕಿ ಚಿತ್ರದ ಎಡಗಡೆಗೆ ಬರುತ್ತದೆ. ಶರ್ಟಿನ ಎದೆಯ ಅಗಲ ಸುಮಾರು 50 ಸೆಂಟಿಮೀಟರ್. ಚಿತ್ರದಲ್ಲಿ ಅದು 1500 ಪಿಕ್ಸೆಲ್ ಆಕ್ರಮಿಸಿದೆ. ಅಂದರೆ ಬಟ್ಟೆಯ ಒಂದು ಮಿಲಿಮೀಟರಿಗೆ ಮೂರು ಪಿಕ್ಸೆಲ್. ಈ ಅನುಪಾತವನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಫಿಲ್ಟರ್ ಕೆಲಸ ಮಾಡುವುದೆಲ್ಲ ಪಿಕ್ಸೆಲ್ಲಿನಲ್ಲಿ. ಬೇರೊಂದು ಚಿತ್ರದಲ್ಲಿ ಹೊಂದಿಕೆಯಾದ ಅಂಕಿ, ಮೂರರಲ್ಲಿ ಒಂದು ಪಾಲು ಗಾತ್ರದ ಚಿತ್ರದ ಮೇಲೆ ಮೂರು ಪಟ್ಟು ಜೋರಾಗಿ ಕಾಣುತ್ತದೆ.

ಹಳೆಯ ಪ್ರಿಂಟನ್ನು ಮ್ಯಾಪಿನಿಂದ ಹೊರಗಿಡಲು ಬಣ್ಣದ ಚಾನೆಲ್ಲುಗಳೇ ದಾರಿ ಕೊಡುತ್ತವೆ. ಡಿಜಿಟಲ್ ಚಿತ್ರವೊಂದು ಕೆಂಪು, ಹಸಿರು, ನೀಲಿ ಎಂಬ ಮೂರು ಬೂದು ಚಿತ್ರಗಳ ಜೋಡಣೆ. ನಮ್ಮ ಫೋಟೋದಲ್ಲಿ ಎದೆಯ ಸಮತಟ್ಟಾದ ಜಾಗದ ಹಳದಿಯ ಬೆಲೆ ಕ್ರಮವಾಗಿ 230, 185, 30 ಎಂದಿತ್ತು. ಅದರ ಪಕ್ಕದ ಕೆಂಪು ಇಂಕಿನ ಬೆಲೆ 200, 30, 35. ಹಸಿರು ಚಾನೆಲ್ಲಿನಲ್ಲಿ 185ಕ್ಕೂ 30ಕ್ಕೂ ಅಜಗಜಾಂತರ. ಅಕ್ಷರ ಕಲ್ಲಿನಲ್ಲಿ ಕೆತ್ತಿದಂತೆ ಎದ್ದು ಕಾಣುತ್ತದೆ. ಕೆಂಪು ಚಾನೆಲ್ಲಿನಲ್ಲಿ 230 ಮತ್ತು 200 ಮಾತ್ರ. ಅಲ್ಲಿ ಅಕ್ಷರ ತೆಳುವಾದ ನೆರಳಿನಷ್ಟೇ ಉಳಿದು, ಮಡಿಕೆಗಳು ಮಾತ್ರ ಸ್ಪಷ್ಟವಾಗಿ ಕಾಣುತ್ತವೆ. ಕೆಂಪು ಮತ್ತು ಹಳದಿ ಎರಡೂ ಕೆಂಪು ಬೆಳಕನ್ನು ಚೆನ್ನಾಗಿ ಹಿಂತಿರುಗಿಸುವುದರಿಂದ ಹೀಗಾಗುತ್ತದೆ. ನಮ್ಮ ನಾಡಧ್ವಜದ ಎರಡು ಬಣ್ಣಗಳು ಈ ಕೆಲಸಕ್ಕೆ ಇಷ್ಟು ಅನುಕೂಲವಾಗಿ ಒದಗಿ ಬಂದಿರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂತೋಷವಾಯಿತು.

ಉಳಿದ ಆ ತೆಳು ನೆರಳನ್ನು ತೆಗೆಯಲು ಹಸಿರು ಚಾನೆಲ್ಲೇ ಮತ್ತೆ ನೆರವಿಗೆ ಬರುತ್ತದೆ. ಅದರಲ್ಲಿ ಅಕ್ಷರ ಎದ್ದು ಕಾಣುವುದರಿಂದ, ಅದರ ನಕಲಿನಿಂದ ಹಳೆಯ ಅಕ್ಷರಗಳ ಆಕಾರದ ಮಾಸ್ಕ್ ಮಾಡಿಕೊಂಡು, ಕೆಂಪು ಚಾನೆಲ್ಲಿನ ಬೂದು ಚಿತ್ರದ ಮೇಲೆ ಆ ಮಾಸ್ಕಿನೊಳಗೆ ಮಾತ್ರ ಹೊಳಪನ್ನು ಏರಿಳಿಸುವ Levels ಹಾಕಬೇಕು. 200 ಇರುವುದನ್ನು 230ಕ್ಕೆ ಏರಿಸಬೇಕೆಂದರೆ ಎಲ್ಲವನ್ನೂ 1.15ರಿಂದ ಗುಣಿಸಬೇಕು, ಅದಕ್ಕೆ Levelsನಲ್ಲಿ ಬಿಳಿಯ ತುದಿಯನ್ನು 255ರಿಂದ 222ಕ್ಕೆ ತಂದರೆ ಸಾಕು. ಕೂಡುವ ಬದಲು ಗುಣಿಸುವುದೇ ಇಲ್ಲಿ ಸರಿ, ಏಕೆಂದರೆ ಇಂಕು ಬೆಳಕಿನ ಒಂದು ಪಾಲನ್ನು ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ನುಂಗಿರುತ್ತದೆ. ಗುಣಿಸಿದಾಗ ಅಕ್ಷರದೊಳಗಿನ ಮಡಿಕೆಯ ನೆರಳು ಹೊರಗಿನ ನೆರಳಿನೊಂದಿಗೆ ಸರಾಗವಾಗಿ ಕೂಡಿಕೊಳ್ಳುತ್ತದೆ. ಆಮೇಲೂ ಅಕ್ಷರದ ಅಂಚಿನಲ್ಲಿ ಕೂದಲೆಳೆಯಂಥ ಒಂದು ಗೆರೆ ಉಳಿಯುವುದುಂಟು. ಸ್ಕ್ರೀನಿನಲ್ಲಿ ಎಳೆದ ದಪ್ಪ ಇಂಕಿಗೆ ತನ್ನದೇ ಒಂದು ದಡ ಇರುತ್ತದೆ, ಆ ದಡಕ್ಕೆ ಬೆಳಕು ತಾಗಿರುತ್ತದೆ. ಅದನ್ನು ಹೀಲಿಂಗ್ ಬ್ರಷ್ಷಿನಿಂದ ಒಂದೊಂದಾಗಿ ಒರೆಸಬೇಕು. ಬೇರೆ ದಾರಿ ಇಲ್ಲ.

ಚಾನೆಲ್ಲಿನ ಈ ಉಪಾಯ ಎಲ್ಲ ಶರ್ಟಿಗೂ ಒದಗುವುದಿಲ್ಲ. ಇಂಕೂ ಬಟ್ಟೆಯೂ ಯಾವುದಾದರೊಂದು ಚಾನೆಲ್ಲಿನಲ್ಲಿ ಹೆಚ್ಚುಕಡಿಮೆ ಒಂದೇ ಹೊಳಪಿನದಾಗಿರಬೇಕು. ಕೆಂಪು ಶರ್ಟಿನ ಮೇಲಿನ ಬಿಳಿ ಅಕ್ಷರಕ್ಕೂ ಕೆಂಪು ಚಾನೆಲ್ ಒದಗುತ್ತದೆ. ಬಿಳಿ ಶರ್ಟಿನ ಮೇಲೆ ಕಪ್ಪು ಅಕ್ಷರವಿದ್ದರೆ ಮೂರೂ ಚಾನೆಲ್ಲುಗಳಲ್ಲಿ ಅದು ಕಪ್ಪೇ. ಆಗ ಸುತ್ತಲಿನ ಬಟ್ಟೆಯನ್ನು ನೋಡಿ ಕೈಯಿಂದಲೇ ಮಡಿಕೆಗಳನ್ನು ತುಂಬಬೇಕು, ಇಲ್ಲವೇ ಖಾಲಿ ಶರ್ಟಿನ ಇನ್ನೊಂದು ಫೋಟೋ ತೆಗೆಯಬೇಕು. ಹಳದಿಯಲ್ಲಿಯೂ ಒಂದು ಅಪಾಯವಿದೆ. ಫೋನಿನ ಕ್ಯಾಮೆರಾ ಚಿತ್ರವನ್ನು ಸ್ವಲ್ಪ ಹೆಚ್ಚು ಬೆಳಗಿಸಿದರೂ ಕೆಂಪು ಚಾನೆಲ್ 255ಕ್ಕೆ ತಾಗಿ ನಿಂತುಬಿಡುತ್ತದೆ, ಮಡಿಕೆಯ ಬೆಳಗಿದ ಮಗ್ಗುಲೆಲ್ಲ ಒಂದೇ ಬಿಳುಪಾಗುತ್ತದೆ. ಪಿಕ್ಸೆಲ್ಲುಗಳ ಹೊಳಪಿನ ಹಂಚಿಕೆ ತೋರಿಸುವ Histogramನಲ್ಲಿ ಕೆಂಪಿನ ಗುಡ್ಡ ಬಲಗಡೆಯ ಗೋಡೆಗೆ ಒರಗಿದ್ದರೆ ಆ ಫೋಟೋದಿಂದ ಒಳ್ಳೆಯ ಮ್ಯಾಪ್ ಬರುವುದಿಲ್ಲ.

ಹೀಗೆ ಶುದ್ಧವಾದ ಬೂದು ಚಿತ್ರ ಕೈಗೆ ಬಂದ ಮೇಲೆ ಅದರಿಂದ ಮೂರು ಕೆಲಸ ಆಗುತ್ತವೆ. ಒಂದು, ಶರ್ಟಿನಿಂದ ಹಳೆಯ ಪ್ರಿಂಟನ್ನು ಕಣ್ಮರೆ ಮಾಡುವುದು. ಬೂದು ಚಿತ್ರವನ್ನು ಮೇಲಿಟ್ಟು, ಅದರ ಮೇಲೆ 255, 205, 33 ಬೆಲೆಯ ಹಳದಿಯನ್ನು ಕೆಳಗಿನ ಬೆಲೆಯೊಂದಿಗೆ ಗುಣಿಸುವ Multiply ರೀತಿಯಲ್ಲಿ ಹಾಸಿದರೆ, 230 ಇದ್ದ ಬೂದು ಮತ್ತೆ 230, 185, 30ರ ಅದೇ ಹಳದಿಯಾಗುತ್ತದೆ. ಈ ಎರಡನ್ನೂ ಸೇರಿಸಿ, ಮೃದು ಅಂಚಿನ ಮಾಸ್ಕಿನಿಂದ ಹಳೆಯ ಪ್ರಿಂಟಿದ್ದ ಜಾಗದಲ್ಲಿ ಮಾತ್ರ ಉಳಿಸಿ, ಮಿಕ್ಕ ಕಡೆ ಮೂಲ ಫೋಟೋವನ್ನೇ ಬಿಡಬೇಕು. ಆಳವಾದ ಮಡಿಕೆಯೊಳಗೆ ಹಳದಿ ಬಟ್ಟೆಯ ಬೆಳಕು ಹಳದಿ ಬಟ್ಟೆಯ ಮೇಲೆಯೇ ಮತ್ತೆ ಬಿದ್ದು ಬಣ್ಣ ಸ್ವಲ್ಪ ಕಿತ್ತಳೆಯತ್ತ ವಾಲಿರುತ್ತದೆ. ಅಲ್ಲಿ ಈ ಲೆಕ್ಕದ ಹಳದಿ ಕೊಂಚ ಪೇಲವವಾಗಿ ಕಾಣುವುದರಿಂದ ಕೈಯಿಂದ ಸರಿಪಡಿಸಬೇಕಾಗುತ್ತದೆ.

ಎರಡನೆಯ ಕೆಲಸ ಮ್ಯಾಪ್. ಶುದ್ಧ ಬೂದು ಚಿತ್ರವನ್ನು ಇದ್ದ ಹಾಗೆಯೇ ಕೊಟ್ಟರೆ ಮೂರು ಬೇಡದ ಸಂಗತಿಗಳು ಅದರಲ್ಲಿ ಉಳಿದಿರುತ್ತವೆ. ಸಮತಟ್ಟಾದ ಜಾಗದ ಬೆಲೆ 230 ಇರುವುದರಿಂದ ಇಡೀ ವಿನ್ಯಾಸವೇ ಸುಮ್ಮನೆ ಎಡಕ್ಕೂ ಮೇಲಕ್ಕೂ ಸರಿಯುತ್ತದೆ. ಕಿಟಕಿಯ ಕಡೆಯ ಭುಜ ಬೆಳ್ಳಗೂ ಇನ್ನೊಂದು ಭುಜ ಮಬ್ಬಾಗಿಯೂ ಇರುವುದರಿಂದ ವಿನ್ಯಾಸದ ಎಡ ಬಲಗಳು ಬೇರೆ ಬೇರೆ ಪ್ರಮಾಣದಲ್ಲಿ ಸರಿದು ಸಾಲು ಎಳೆದಂತಾಗುತ್ತದೆ. ಇನ್ನು ಬಟ್ಟೆಯ ಹೆಣಿಗೆಯ ಪುಟ್ಟ ಕುಣಿಕೆಗಳು, ಫೋನಿನ ಚಿತ್ರದ ಕಾಳುಕಾಳಾದ ಕಲೆಗಳು ಎಲ್ಲವೂ ಅಕ್ಷರದ ಅಂಚನ್ನು ಗರಗಸದಂತೆ ಮಾಡುತ್ತವೆ. ಕನ್ನಡ ಅಕ್ಷರದಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತದೆ. ನಮ್ಮ ಹೊಸ ವಿನ್ಯಾಸದಲ್ಲಿದ್ದದ್ದು "ಸಿರಿಗನ್ನಡಂ ಗೆಲ್ಗೆ" ಎಂಬ ಸಾಲು. ದುಂಡಗಿನ ಗೆರೆ ಸ್ವಲ್ಪ ನಡುಗಿದರೂ ತಿಳಿಯುತ್ತದೆ. "ನ್ನ" ಮತ್ತು "ಲ್ಗೆ"ಗಳ ಒತ್ತಕ್ಷರಗಳು ತೆಳುವಾಗಿರುವುದರಿಂದ ಮೊದಲು ಕೆಡುವುದು ಅವೇ.

ಆದ್ದರಿಂದ ಮಡಿಕೆಗಿಂತ ದೊಡ್ಡದಾದ ಏರಿಳಿತವನ್ನೂ ಮಡಿಕೆಗಿಂತ ಸಣ್ಣದಾದ ಏರಿಳಿತವನ್ನೂ ತೆಗೆದು, ಮಡಿಕೆಯೊಂದನ್ನೇ ಉಳಿಸಿಕೊಳ್ಳಬೇಕು. ದೊಡ್ಡದನ್ನು ತೆಗೆಯಲು Filter > Other > High Pass ಇದೆ. ಅದು ಚಿತ್ರದಿಂದ ಅದರದೇ ಮಸುಕು ರೂಪವನ್ನು ಕಳೆದು, ಉಳಿದದ್ದನ್ನು 128ರ ಸುತ್ತ ಕೂರಿಸುತ್ತದೆ. ಹೀಗಾಗಿ ಸಮತಟ್ಟಾದ ಜಾಗ ತಾನಾಗಿಯೇ ನಡು ಬೂದಾಗಿ, ಮೊದಲೆರಡು ತೊಂದರೆಗಳು ಒಟ್ಟಿಗೆ ಕಳೆಯುತ್ತವೆ. ಸಣ್ಣದನ್ನು ತೆಗೆಯಲು Gaussian Blur. ಎರಡಕ್ಕೂ ಎಷ್ಟು ರೇಡಿಯಸ್ ಕೊಡಬೇಕೆಂಬುದನ್ನು ಬಟ್ಟೆಯೇ ಹೇಳುತ್ತದೆ. ನಮ್ಮ ಶರ್ಟಿನ ಮಡಿಕೆಗಳು ಸುಮಾರು 80 ಪಿಕ್ಸೆಲ್ ಅಗಲವಿದ್ದವು, ಹೆಣಿಗೆಯ ಕುಣಿಕೆಗಳು ಎರಡು ಮೂರು ಪಿಕ್ಸೆಲ್. ಮಡಿಕೆಗಿಂತ ದೊಡ್ಡದಾದ 120ನ್ನು High Passಗೂ, ಕುಣಿಕೆಗಿಂತ ದೊಡ್ಡದಾಗಿ ಮಡಿಕೆಗಿಂತ ಬಹಳ ಚಿಕ್ಕದಾದ 6ನ್ನು Gaussian Blurಗೂ ಕೊಟ್ಟೆವು. ಬಂದ ಚಿತ್ರ ಮಂಜಿನೊಳಗಿನ ಗುಡ್ಡಗಳ ಸಾಲಿನಂತಿತ್ತು. ಮಡಿಕೆಯ ಬೆಳಗಿದ ಮಗ್ಗುಲಿನಲ್ಲಿ 163, ನೆರಳಿನ ಮಗ್ಗುಲಿನಲ್ಲಿ 93 ಆಸುಪಾಸಿನ ಬೆಲೆಗಳು. ಅಂದರೆ ನಡು ಬೂದಿನಿಂದ ಎರಡೂ ಕಡೆಗೆ 35.

ಇದನ್ನು ಫೋಟೋದಷ್ಟೇ ಅಗಲ ಎತ್ತರದಲ್ಲಿ, ಒಂದೇ ಲೇಯರಿನ PSD ಕಡತವಾಗಿ ಉಳಿಸಬೇಕು. ಫೋಟೋಶಾಪ್ ಬೇರೆ ಬಗೆಯ ಕಡತವನ್ನು ಮ್ಯಾಪಾಗಿ ಒಪ್ಪುವುದಿಲ್ಲ. ವಿನ್ಯಾಸವನ್ನು ಎದೆಯ ಮೇಲೆ ಸರಿಯಾದ ಗಾತ್ರಕ್ಕೆ ತಂದು, ಮೈಯ ದೊಡ್ಡ ಬಾಗಿಗೆ ತಕ್ಕಂತೆ Warp ಮಾಡಿ ಮುಗಿಸಿದ ಮೇಲೆಯೇ Displace ಬರಬೇಕು. ಎದೆಯ ಗುಂಡನೆಯ ಆಕಾರವನ್ನು ಕೊಡುವುದು ಅದರ ಕೆಲಸವಲ್ಲ, ಅದನ್ನು ನಾವೇ High Passನಲ್ಲಿ ತೆಗೆದುಹಾಕಿದ್ದೇವೆ. ಫಿಲ್ಟರ್ ಹಾಕುವಾಗ ಚಿತ್ರದಲ್ಲಿ ಯಾವ ಸೆಲೆಕ್ಷನ್ನೂ ಇರಬಾರದು, ವಿನ್ಯಾಸದ ಲೇಯರ್ ಚಿತ್ರದ ಚೌಕಟ್ಟಿನಿಂದ ಹೊರಗೆ ಚಾಚಿಕೊಂಡಿರಲೂ ಬಾರದು. ಇಲ್ಲವಾದರೆ ಮ್ಯಾಪೂ ವಿನ್ಯಾಸವೂ ಒಂದರ ಮೇಲೊಂದು ಸರಿಯಾಗಿ ಕೂರದೆ, ಬಾಗು ಮಡಿಕೆಯ ಮೇಲೆ ಬರುವ ಬದಲು ಅದರ ಪಕ್ಕದಲ್ಲಿ ಬರುತ್ತದೆ. ಗಿಂಪ್ ಬಳಸುವವರಿಗೆ ಇದೇ ಫಿಲ್ಟರ್ Filters > Map > Displace ಎಂಬಲ್ಲಿದೆ. ಅಲ್ಲಿ ಮ್ಯಾಪನ್ನು ಬೇರೆ ಕಡತವಾಗಿ ಉಳಿಸಬೇಕಿಲ್ಲ, ತೆರೆದಿರುವ ಲೇಯರನ್ನೇ ಆರಿಸಬಹುದು, ಆದರೆ ಅಂಕಿಗಳ ಲೆಕ್ಕ ಬೇರೆ.

ಈಗ H ಮತ್ತು V. ಹೆಚ್ಚಿನವರು ಪೆಟ್ಟಿಗೆಯಲ್ಲಿ ಮೊದಲೇ ಇರುವ 10 ಮತ್ತು 10ನ್ನೇ ಒಪ್ಪಿಕೊಂಡು, ಸಾಲದೆನಿಸಿದರೆ ಎರಡನ್ನೂ ಏರಿಸುತ್ತ ಹೋಗುತ್ತಾರೆ. ಇಲ್ಲಿ ಒಂದು ಕ್ಷಣ ನಿಂತು, ಬೆಳಕು ಎಲ್ಲಿಂದ ಬಂತೆಂದು ಕೇಳಿಕೊಳ್ಳಬೇಕು. ಕಿಟಕಿ ಎಡಕ್ಕಿದೆ. ಮೇಲಿಂದ ಕೆಳಕ್ಕೆ ಇಳಿಯುವ ಒಂದು ಮಡಿಕೆಯ ಉಬ್ಬನ್ನು ನೆನೆಯಿರಿ: ಅದರ ಎಡ ಮಗ್ಗುಲು ಬೆಳಗಿದೆ, ಬಲ ಮಗ್ಗುಲು ನೆರಳಿನಲ್ಲಿದೆ. ಬೆಳ್ಳಗಿನದು ಎಡಕ್ಕೆ ಸರಿಯುತ್ತದೆ, ಕಪ್ಪಗಿನದು ಬಲಕ್ಕೆ. ಹಾಗಾಗಿ ಉಬ್ಬಿನ ನೆತ್ತಿಯ ಮೇಲೆ ಅಕ್ಷರ ಎರಡೂ ಕಡೆಗೆ ಹಿಗ್ಗುತ್ತದೆ, ಎರಡು ಉಬ್ಬುಗಳ ನಡುವಿನ ತಗ್ಗಿನಲ್ಲಿ ಕುಗ್ಗುತ್ತದೆ. ನಿಜವಾದ ಬಟ್ಟೆಯ ಮೇಲೆಯೂ ಆಗುವುದು ಅದೇ. ಈಗ ಕಿಟಕಿ ಬಲಕ್ಕಿದ್ದಿದ್ದರೆ? ಬಲ ಮಗ್ಗುಲು ಬೆಳಗಿ ಎಡಕ್ಕೆ ಸರಿಯುತ್ತಿತ್ತು, ಎಡ ಮಗ್ಗುಲು ಬಲಕ್ಕೆ. ಉಬ್ಬಿನ ನೆತ್ತಿಯ ಮೇಲೆ ಅಕ್ಷರ ಹಿಚುಕಿಕೊಂಡು, ತಗ್ಗಿನಲ್ಲಿ ಹಿಗ್ಗುತ್ತಿತ್ತು. ಬಟ್ಟೆ ಒಳಹೊರಗಾದಂತೆ ಕಾಣುವ, ಎಲ್ಲೋ ಏನೋ ತಪ್ಪಾಗಿದೆ ಎನಿಸಿಯೂ ಕಾರಣ ಹೊಳೆಯದ ಚಿತ್ರಗಳು ಹೀಗೆ ಹುಟ್ಟುತ್ತವೆ. ಬೆಳಕು ಬಲದಿಂದ ಬಂದಿದ್ದರೆ H ಗೆ ಋಣ ಸಂಖ್ಯೆ ಕೊಡಬೇಕು. ಕ್ಯಾಮೆರಾದ ಫ್ಲ್ಯಾಷ್ ನೇರವಾಗಿ ಬಿದ್ದ ಫೋಟೋದಲ್ಲಿ ಎರಡೂ ಮಗ್ಗುಲುಗಳು ಒಂದೇ ರೀತಿ ಬೆಳಗಿ, ಮ್ಯಾಪಿಗೆ ಹೇಳಲು ಏನೂ ಇರುವುದಿಲ್ಲ.

ಎಷ್ಟು ಎಂಬುದಕ್ಕೂ ಒಂದು ಮಿತಿ ಲೆಕ್ಕದಿಂದಲೇ ಸಿಗುತ್ತದೆ. ನಮ್ಮ ಉಬ್ಬಿನಲ್ಲಿ ಬೆಳಗಿದ ಮಗ್ಗುಲಿನಿಂದ ನೆರಳಿನ ಮಗ್ಗುಲಿಗೆ 40 ಪಿಕ್ಸೆಲ್ ದೂರ. ಆ ದೂರದಲ್ಲಿ ಮ್ಯಾಪಿನ ಬೆಲೆ 70ರಷ್ಟು ಇಳಿಯುತ್ತದೆ. H ಅನ್ನು 12 ಎಂದಿಟ್ಟರೆ ಎರಡು ಮಗ್ಗುಲುಗಳು 8.4 ಪಿಕ್ಸೆಲ್ ದೂರ ಸರಿಯುತ್ತವೆ, ಅಂದರೆ 40ರ ಐದನೆಯ ಒಂದು ಪಾಲಿನಷ್ಟು. ಎದೆಯ ಮೇಲಿನ ಸಾಮಾನ್ಯ ಮಡಿಕೆಗೆ ಇದು ಸಹಜವಾಗಿ ಕಾಣುತ್ತದೆ. H ಅನ್ನು 30ಕ್ಕೆ ಏರಿಸಿದರೆ ಅದು ಅರ್ಧಕ್ಕೂ ಮೀರಿ, ಅಕ್ಷರ ನೀರಿನೊಳಗೆ ಅಲುಗಿದಂತೆ ಕಾಣತೊಡಗುತ್ತದೆ. ಮಬ್ಬುಗೊಳಿಸಿದ್ದು ಸರಿಯಾಗಿದ್ದು, ಅಂಚು ನುಣುಪಾಗಿದ್ದೂ ಅಕ್ಷರ ತೇಲಿದಂತೆ ಕಂಡರೆ ಅಂಕಿ ಹೆಚ್ಚಾಗಿದೆ ಎಂದರ್ಥ. ಅಂಚೇ ಗರಗಸವಾಗಿದ್ದರೆ ಮಬ್ಬು ಸಾಲದು ಎಂದರ್ಥ.

V ಅನ್ನು H ಗಿಂತ ಬಹಳ ಕಡಿಮೆ ಇಡಬೇಕಾದದ್ದು ಏಕೆಂಬುದು ಕ್ಯಾಮೆರಾದ ಎತ್ತರವನ್ನು ನೋಡಿದರೆ ತಿಳಿಯುತ್ತದೆ. ಕ್ಯಾಮೆರಾ ಎದೆಯ ಮಟ್ಟದಲ್ಲಿದ್ದಾಗ, ಮೇಲಿಂದ ಕೆಳಗಿಳಿಯುವ ಮಡಿಕೆಗಳನ್ನು ದಾಟುವ ಅಡ್ಡ ಗೆರೆ ಇಕ್ಕಟ್ಟಾಗುತ್ತದೆಯೇ ಹೊರತು ಮೇಲೆ ಕೆಳಗೆ ಕುಣಿಯುವುದಿಲ್ಲ. ಕಣ್ಣಿನ ಮಟ್ಟದಿಂದ ಕೊಂಚ ಕೆಳಕ್ಕೆ ನೋಡಿ ತೆಗೆದಾಗ ಮಾತ್ರ ಅದರಲ್ಲಿ ಸಣ್ಣ ಅಲೆ ಕಾಣುತ್ತದೆ. 10 ಎಂಬ V ಸಾಲಿನ ಕೆಳ ಅಂಚನ್ನು ಹಾವಿನಂತೆ ಮಾಡಿಬಿಡುತ್ತದೆ.

ಈ ಮಾತುಗಳನ್ನು ನಂಬಿಕೆಯ ಮೇಲೆ ಬಿಡದೆ ಪರೀಕ್ಷಿಸಲು ನಮ್ಮಲ್ಲಿ ಒಂದು ಅಪರೂಪದ ಅನುಕೂಲವಿತ್ತು. ಹಿಂದಿನ ವರ್ಷದ ವಿನ್ಯಾಸದ ಮೂಲ ಕಡತ ಮುದ್ರಕರ ಕಂಪ್ಯೂಟರಿನಲ್ಲಿಯೇ ಇತ್ತು. ಆ ವಿನ್ಯಾಸ ನಿಜವಾದ ಬಟ್ಟೆಯ ಮೇಲೆ, ಈ ಮಡಿಕೆಗಳ ಮೇಲೆಯೇ ಹೇಗೆ ಕೂತಿದೆಯೆಂಬುದಕ್ಕೆ ಮೂಲ ಫೋಟೋ ಸಾಕ್ಷಿ. ಹಾಗಾಗಿ ಹೊಸದನ್ನು ಮುಟ್ಟುವ ಮೊದಲು ಹಳೆಯ ವಿನ್ಯಾಸವನ್ನೇ ಅದೇ ಗಾತ್ರಕ್ಕೆ ತಂದು, ಅದೇ ಮ್ಯಾಪಿನಿಂದ ಸರಿಸಿ, ಅರೆಪಾರದರ್ಶಕವಾಗಿ ಮೂಲ ಫೋಟೋದ ಮೇಲಿಟ್ಟು ನೋಡಿದೆವು. H 12, V 10 ಇದ್ದಾಗ ಅಕ್ಷರಗಳ ಅಗಲ ಚೆನ್ನಾಗಿ ಹೊಂದಿತು, ಆದರೆ ಸಾಲಿನ ಕೆಳ ಅಂಚು ಫೋಟೋದಲ್ಲಿ ನಮ್ಮದಕ್ಕಿಂತ ನೇರವಾಗಿತ್ತು. V ಅನ್ನು 4ಕ್ಕೆ ಇಳಿಸಿದಾಗ ನಡುವಿನ ಅಕ್ಷರಗಳೆಲ್ಲ ಒಂದೆರಡು ಪಿಕ್ಸೆಲ್ಲಿನ ಒಳಗೆ ಹಳೆಯ ಪ್ರಿಂಟಿನ ಮೇಲೆ ಕೂತವು. ಪ್ರಯೋಗಕ್ಕೆಂದು H ಗೆ -12 ಕೊಟ್ಟಾಗ ಪ್ರತಿ ಮಡಿಕೆಯಲ್ಲೂ ಅಕ್ಷರ ತಪ್ಪು ಮಗ್ಗುಲಿಗೆ ಜಾರಿ ಎರಡೆರಡಾಗಿ ಕಂಡಿತು. ಮ್ಯಾಪಿನಲ್ಲಿ ನಾವು ಹೊರದಬ್ಬಿದ ಹಳೆಯ ಪ್ರಿಂಟೇ ಅಳತೆಗೋಲಾಗಿ ಒದಗಿತು. ಹಳೆಯ ಕಡತ ಇಲ್ಲದವರು ಒಂದು ಚೌಕುಳಿಯ ಜಾಲವನ್ನು ಸರಿಸಿ ನೋಡಬಹುದು. ನೇರ ಗೆರೆಗಳಲ್ಲಿ ದೋಷ ಬೇಗ ಕಾಣುತ್ತದೆ, ಆದರೆ ಇಷ್ಟು ಖಚಿತವಾದ ಉತ್ತರ ಸಿಗುವುದಿಲ್ಲ.

ಶುದ್ಧ ಬೂದು ಚಿತ್ರದ ಮೂರನೆಯ ಕೆಲಸ ಹೊಸ ಅಕ್ಷರಕ್ಕೆ ನೆರಳು ಕೊಡುವುದು. ಸಾಮಾನ್ಯವಾಗಿ ವಿನ್ಯಾಸದ ಲೇಯರನ್ನು Multiply ಮಾಡಿ ಮುಗಿಸುತ್ತಾರೆ. ಹಳದಿ ಶರ್ಟಿನ ಮೇಲೆ ಇದು ತಪ್ಪು, ಏಕೆಂದರೆ Multiply ಮಾಡಿದಾಗ ಬಟ್ಟೆಯ ಬಣ್ಣ ಇಂಕಿನೊಳಗೆ ಬೆರೆಯುತ್ತದೆ. ನಮ್ಮ ಅಕ್ಷರಗಳ ಸುತ್ತ ತೆಳುವಾದ ಬಿಳಿ ಗೆರೆಯೊಂದಿತ್ತು. ಅದು ಪೂರ್ತಿ ಹಳದಿಯಾಗಿ ಮಾಯವಾಯಿತು. ಶರ್ಟಿನ ಮೇಲಿನ ದಪ್ಪ ಇಂಕು ಬಟ್ಟೆಯ ಬಣ್ಣವನ್ನು ಮುಚ್ಚುತ್ತದೆ, ನೆರಳನ್ನು ಮಾತ್ರ ಹೊತ್ತುಕೊಳ್ಳುತ್ತದೆ. ಹಾಗಾಗಿ ವಿನ್ಯಾಸವನ್ನು Normalನಲ್ಲಿಯೇ ಬಿಟ್ಟು, ಅದರ ಮೇಲೆ ಶುದ್ಧ ಬೂದು ಚಿತ್ರವನ್ನು ವಿನ್ಯಾಸಕ್ಕೆ ಮಾತ್ರ ತಾಗುವಂತೆ ಕ್ಲಿಪ್ ಮಾಡಿ Multiply ಮಾಡಬೇಕು. Levelsನಲ್ಲಿ ಬಿಳಿಯ ತುದಿಯನ್ನು 230ಕ್ಕೆ ತಂದರೆ ಸಮತಟ್ಟಾದ ಜಾಗದಲ್ಲಿ ಬಣ್ಣ ಕಂದುವುದಿಲ್ಲ. ಇಲ್ಲಿ High Pass ಬೇಡ, ಮಬ್ಬೂ ಬೇಡ. ಮ್ಯಾಪಿಗೆ ಬೇಡವಾಗಿದ್ದ ಕಿಟಕಿಯ ಬೆಳಕಿನ ಇಳಿತವೂ ಹೆಣಿಗೆಯ ಕುಣಿಕೆಗಳೂ ನೆರಳಿಗೆ ಬೇಕೇ ಬೇಕು, ಏಕೆಂದರೆ ಬಟ್ಟೆಯ ಮೇಲೆ ಬಿದ್ದ ಬೆಳಕೇ ಇಂಕಿನ ಮೇಲೂ ಬಿದ್ದಿರುತ್ತದೆ. ಕುಣಿಕೆಗಳು ತೀರ ಎದ್ದು ಕಂಡರೆ ಆ ಲೇಯರಿನ ಗಾಢತೆಯನ್ನು 80 ಪ್ರತಿಶತಕ್ಕೆ ಇಳಿಸಿದರೆ ದಪ್ಪ ಇಂಕಿನ ನುಣುಪು ಬರುತ್ತದೆ.

ಇಷ್ಟಾದ ಮೇಲೆ ಚಿತ್ರದ ಬಲಗಡೆಯಲ್ಲಿ ಒಂದು ಜಾಗ ಮಾತ್ರ ಸುಳ್ಳು ಹೇಳುತ್ತಿತ್ತು. ಕಂಕುಳಿನಿಂದ ಎದೆಯ ಕಡೆಗೆ ಇಳಿದ ಒಂದು ಆಳವಾದ ಮಡಿಕೆ ಕೊನೆಯ "ಲ್ಗೆ" ಅಕ್ಷರವನ್ನು ಸೀಳಿಕೊಂಡು ಹೋಗುತ್ತದೆ. ಅಲ್ಲಿ ಬಟ್ಟೆ ತನ್ನ ಮೇಲೆ ತಾನೇ ಮಡಚಿಕೊಂಡಿದೆ. ಒಂದು ಪಟ್ಟಿಯಷ್ಟು ಬಟ್ಟೆ ಒಳಗೆ ಅಡಗಿ, ಕ್ಯಾಮೆರಾಗೆ ಕಾಣುತ್ತಲೇ ಇಲ್ಲ. ಡಿಸ್‌ಪ್ಲೇಸ್‌ಮೆಂಟ್ ಮ್ಯಾಪಿಗೆ ಹಿಗ್ಗಿಸಲು ಕುಗ್ಗಿಸಲು ಬರುತ್ತದೆ, ಅಡಗಿಸಲು ಬರುವುದಿಲ್ಲ. ಆದ್ದರಿಂದ ಅಕ್ಷರ ಆ ಕಪ್ಪು ಗೆರೆಯ ಮೇಲೆ ಸೇತುವೆಯಂತೆ ಹಾದುಹೋಗಿತ್ತು. ಮುದ್ರಕರು ಬೆರಳಿಟ್ಟದ್ದೂ ಅಲ್ಲಿಗೇ: "ಇಲ್ಲಿ ಬಟ್ಟೆ ಒಳಗೆ ಹೋಗಿದೆ, ಅಕ್ಷರ ಯಾಕೆ ಹೋಗಿಲ್ಲ?"

ಎಷ್ಟು ಒಳಗೆ ಹೋಗಬೇಕೆಂಬುದನ್ನೂ ಹಳೆಯ ಪ್ರಿಂಟೇ ಹೇಳಿತು. ಅದೇ ಮಡಿಕೆಯ ಮೇಲೆ ಬಿದ್ದಿದ್ದ ಹಳೆಯ ಅಕ್ಷರ ಮೂಲ ಕಡತದ ಪ್ರಕಾರ 62 ಪಿಕ್ಸೆಲ್ ಅಗಲ ಇರಬೇಕಿತ್ತು, ಫೋಟೋದಲ್ಲಿ ಕಂಡದ್ದು 53. ಮಡಿಕೆ 9 ಪಿಕ್ಸೆಲ್, ಅಂದರೆ 3 ಮಿಲಿಮೀಟರ್ ಬಟ್ಟೆಯನ್ನು ನುಂಗಿದೆ. ಹೊಸ ವಿನ್ಯಾಸದ ಲೇಯರನ್ನು ಮಡಿಕೆಯ ಗೆರೆಗುಂಟ ಎರಡು ತುಂಡು ಮಾಡಿ, ಬಲ ತುಂಡನ್ನು 9 ಪಿಕ್ಸೆಲ್ ಎಡಕ್ಕೆ ಸರಿಸಿ, ಎಡ ತುಂಡಿನ ಅಂಚು ಅದರ ಮೇಲೆ ಬರುವಂತೆ ಮಾಸ್ಕ್ ಹಾಕಿದೆವು. ಮಾಸ್ಕಿನ ಅಂಚನ್ನು ಒಂದು ಪಿಕ್ಸೆಲ್ಲಿನಷ್ಟು ಮಾತ್ರ ಮೃದು ಮಾಡಿ, ಮಡಿಕೆಯ ಕಪ್ಪು ಗೆರೆ ಅಕ್ಷರದ ಮೇಲೂ ಕಡಿಯದೆ ಹರಿಯುವಂತೆ ನೆರಳಿನ ಲೇಯರನ್ನು ಅಲ್ಲಿ ಕೊಂಚ ಗಾಢ ಮಾಡಿದೆವು. "ಲ್ಗೆ"ಯ ಹೊಟ್ಟೆಯ ಗೆರೆ ಈಗ ಮಡಿಕೆಯ ತನಕ ಬಂದು, ಒಳಗೆ ಇಳಿದು, ಆ ಕಡೆಯಿಂದ ಸ್ವಲ್ಪ ಮುಂದಿನ ತುಂಡಾಗಿ ಹೊರಬರುತ್ತದೆ.